ಪಾರ್ಸಿ ಆಸ್ತಿ: ಹೆಂಡತಿ, ಮಕ್ಕಳು, ತಂದೆತಾಯಿಯ ಪಾಲು

ಪ್ರಶ್ನೆ: ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯ ಪಾರ್ಸಿ ಯಜಮಾನರು ಉಯಿಲು ಬರೆಯದೆ ತೀರಿಕೊಂಡರು. ಹೆಂಡತಿ, ಒಬ್ಬ ಮಗ, ಒಬ್ಬ ಮಗಳು, ವೃದ್ಧ ತಂದೆತಾಯಿ ಇದ್ದಾರೆ. ಯಾರಿಗೆ ಎಷ್ಟು?

ಉತ್ತರ: ಇಲ್ಲಿ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 51ನೇ ಕಲಮು. ಅದರಂತೆ ಹೆಂಡತಿಗೂ ಪ್ರತಿಯೊಂದು ಮಗುವಿಗೂ ಸಮಪಾಲು. ಬದುಕಿರುವ ತಂದೆ ಮತ್ತು ತಾಯಿಗೆ ತಲಾ ಒಂದು ಮಗುವಿನ ಪಾಲಿನ ಅರ್ಧ.

ಲೆಕ್ಕಕ್ಕೆ ಹೆಂಡತಿ, ಮಗ, ಮಗಳಿಗೆ ಎರಡೆರಡು ಭಾಗ, ತಂದೆಗೊಂದು, ತಾಯಿಗೊಂದು ಎಂದಿಟ್ಟುಕೊಂಡರೆ ಒಟ್ಟು ಎಂಟು ಭಾಗಗಳಾಗುತ್ತವೆ. ಸಾಲ ತೀರಿಸಿದ ಮೇಲೆ 80 ಲಕ್ಷ ರೂಪಾಯಿಯ ಆಸ್ತಿ ಉಳಿದರೆ ಮೊದಲ ಮೂವರಿಗೆ ತಲಾ 20 ಲಕ್ಷ, ತಂದೆತಾಯಿಗೆ ತಲಾ 10 ಲಕ್ಷ. ತಾಯಿಯೊಬ್ಬರೇ ಇದ್ದಿದ್ದರೆ ಆಸ್ತಿ ಏಳು ಭಾಗವಾಗಿ, ಅವರಿಗೆ ಅದರಲ್ಲೊಂದು ಸಲ್ಲುತ್ತಿತ್ತು.

ನಮ್ಮ ಕಡೆ ಪೌತಿ ಖಾತೆಗೆ ಓಡಾಡುವವರು ಅಭ್ಯಾಸಬಲದಿಂದ ಹಿಂದೂ ಉತ್ತರಾಧಿಕಾರದ ಲೆಕ್ಕವನ್ನೇ ಹಾಕುವುದುಂಟು. ಆ ಕಾನೂನಿನಲ್ಲಿ ತಾಯಿಗೆ ಮಕ್ಕಳಷ್ಟೇ ಪಾಲು, ಮಕ್ಕಳಿರುವಾಗ ತಂದೆಗೆ ಏನೂ ಇಲ್ಲ. ಆದ್ದರಿಂದ ಕರಡು ಪತ್ರದಲ್ಲಿ ತಂದೆಯ ಹೆಸರು ಬಿಟ್ಟುಹೋಗಿದ್ದರೆ ಲೆಕ್ಕ ತಪ್ಪಿದೆ ಎಂದೇ ತಿಳಿಯಬೇಕು. ಮಗನಿಗೆ ಮಗಳ ಎರಡರಷ್ಟು ಪಾಲೆಂಬ ಹಳೆಯ ನಿಯಮವೂ 1991ರ ತಿದ್ದುಪಡಿಯಿಂದ ರದ್ದಾಗಿದೆ.