ಬಟ್ಟೆ ಡಿಸೈನ್ ಬರೆಯೋವಾಗ ಅಂಚು ನೋಡಿ

"ಸರ್, ನನ್ನ ಕಥೇಲಿ ನಾಯಕಿ ಇಕತ್ ಪ್ರಿಂಟ್ ಸೀರೆ ಉಟ್ಟಿದಾಳೆ, ಅದರ ಗೆರೆಗಳು ಕತ್ತರಿಸಿಟ್ಟ ಹಾಗೆ ಚೂಪು. ಅಪ್ಪಂದು ಹಲ್ಲುಹಲ್ಲು ಚೌಕದ ಗಿಂಗ್‌ಹ್ಯಾಮ್ ಉಣ್ಣೆ ಕೋಟು. ತಂಗಿ ದುಪಟ್ಟಾ ಪೇಸ್ಲಿ ಅನ್ಲಾ, ಬ್ಲಾಕ್ ಪ್ರಿಂಟ್ ಅನ್ಲಾ? ವರ್ಣನೆ ಸರಿ ಇದ್ಯಾ?"

ನೇರವಾಗೇ ಹೇಳ್ತೀನಿ, ಸೀರೆ ವರ್ಣನೆ ಹಾಗೇ ಹಾಕೋಕಾಗಲ್ಲ. ಇಕತ್‌ನಲ್ಲಿ ನೇಯೋಕೆ ಮುಂಚೇನೇ ನೂಲನ್ನ ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ, ಕಟ್ಟಿದ ಜಾಗಕ್ಕೆ ಬಣ್ಣ ಹತ್ತಲ್ಲ, ಆಮೇಲೆ ಆ ನೂಲನ್ನ ಮಗ್ಗಕ್ಕೆ ಏರಿಸಿ ನೇಯೋವಾಗ ಎಳೆಗಳು ಒಂಚೂರು ಆಚೆ ಈಚೆ ಸರಿಯುತ್ವೆ, ಅದಕ್ಕೇ ಡಿಸೈನ್ ಅಂಚು ಗರಿಯ ತುದಿ ಥರ ಮಸುಕಾಗಿರುತ್ತೆ. ಪೋಚಂಪಲ್ಲಿ, ಸಂಬಲ್‌ಪುರಿ ಸೀರೆಗಳಲ್ಲಿ ಇದನ್ನ ಚೆನ್ನಾಗಿ ನೋಡ್ಬಹುದು. ಪಾಟಣದ ಪಟೋಲಾದಲ್ಲಿ ಹಾಸು ಹೊಕ್ಕು ಎರಡನ್ನೂ ಹೀಗೆ ಕಟ್ಟಿ ಬಣ್ಣ ಹಾಕಿ, ನೇಯೋವಾಗ ಎರಡೂ ಕೂಡೋ ಹಾಗೆ ಹೊಂದಿಸ್ತಾರೆ, ಅಂಚು ಇನ್ನೂ ಸ್ಪಷ್ಟವಾಗಿ ಬರುತ್ತೆ, ಆದ್ರೂ ಕತ್ತರಿಸಿಟ್ಟ ಹಾಗೆ ಅನ್ನೋಕಾಗಲ್ಲ. ಬಣ್ಣ ನೂಲಲ್ಲೇ ಇರೋದ್ರಿಂದ ಸೆರಗು ತಿರುಗಿಸಿದ್ರೆ ಹಿಂದೇನೂ ಅದೇ ಚಿತ್ತಾರ. ಪ್ರಿಂಟ್ ಮಾಡಿದ ಇಕತ್ ಡಿಸೈನ್ ಸೀರೆನೂ ಸಿಗುತ್ತೆ, ಆದ್ರೆ ಅದರ ಹಿಂಬದಿ ಸಾಮಾನ್ಯವಾಗಿ ಮಂಕಾಗಿರುತ್ತೆ. ನಿಮ್ಮ ನಾಯಕಿ ಉಟ್ಟಿರೋದು ಇವೆರಡ್ರಲ್ಲಿ ಯಾವುದು ಅಂತ ಮೊದಲು ನೀವು ತೀರ್ಮಾನ ಮಾಡಿ.

ಕೋಟಿಂದು ಹೆಸರು ಮಾತ್ರ ತಪ್ಪು, ಕಣ್ಣು ಸರಿಯಾಗೇ ನೋಡಿದೆ. ಅದು ಹೌಂಡ್ಸ್‌ಟೂತ್. ನಾಲ್ಕು ಕಪ್ಪೆಳೆ ನಾಲ್ಕು ಬಿಳಿಯೆಳೆ ಅಂತ ಹಾಸು ಹೊಕ್ಕು ಎರಡರಲ್ಲೂ ಹಾಕಿ ಓರೆಗೆರೆ ಬರೋ ಟ್ವಿಲ್ ನೇಯ್ಗೆ ಮಾಡಿದ್ರೆ ಚೌಕದ ಮೂಲೆಗಳು ಒಡೆದು ಹಲ್ಲಿನ ಥರ ಚಾಚ್ಕೊಳ್ಳುತ್ವೆ. ಗಿಂಗ್‌ಹ್ಯಾಮ್ ಸಾದಾ ನೇಯ್ಗೆಯ ತೆಳು ಹತ್ತಿ ಬಟ್ಟೆ, ಶರ್ಟು, ಮಕ್ಕಳ ಫ್ರಾಕು, ಮೇಜಿನ ಬಟ್ಟೆಯಲ್ಲಿ ಜಾಸ್ತಿ ಕಾಣುತ್ತೆ. ಅದರಲ್ಲಿ ಬಿಳಿ ಚೌಕ, ಗಾಢ ಚೌಕ, ಜೊತೆಗೆ ಬಣ್ಣದೆಳೆ ಬಿಳಿಯೆಳೆ ದಾಟೋ ಕಡೆ ಅರೆಬಣ್ಣದ ಚೌಕ ಇರುತ್ತೆ. ಬೇರೆಲ್ಲಾದ್ರೂ ಗಿಂಗ್‌ಹ್ಯಾಮ್ ಬಂದ್ರೆ ಈ ಅರೆಬಣ್ಣ ಬರೆದ್ರೆ ಸಾಕು, ಓದುಗರಿಗೆ ಬಟ್ಟೆ ಕಣ್ಮುಂದೆ ಬರುತ್ತೆ.

ದುಪಟ್ಟಾಗೆ ಎರಡೂ ಹೇಳ್ಬಹುದು. ಪೇಸ್ಲಿ ಅನ್ನೋದು ಬರೀ ಆಕಾರ, ನಮ್ಮ ಮಾವಿನಕಾಯಿ ಬುಟ್ಟಾನೇ. ಕಾಶ್ಮೀರಿ ಶಾಲಲ್ಲಿ ನೇಯ್ದಿರ್ತಾರೆ, ಟೈ ಮೇಲೆ ಪ್ರಿಂಟ್ ಆಗಿರುತ್ತೆ, ಸ್ಕಾಟ್ಲೆಂಡಿನ ಪೇಸ್ಲಿ ಊರಲ್ಲಿ ಆ ಶಾಲುಗಳ ನಕಲು ನೇಯ್ತಿದ್ರಿಂದ ಈ ಹೆಸರು ಬಂತು. ಬ್ಲಾಕ್ ಪ್ರಿಂಟ್ ಅನ್ನೋದು ಮಾಡೋ ವಿಧಾನ. ಸಾಂಗಾನೇರ್, ಬಗ್ರು ಕಡೆ ಮರದ ಅಚ್ಚನ್ನ ಕೈಯಿಂದ ಒತ್ತುತ್ತಾ ಹೋಗ್ತಾರೆ, ಹಾಗಾಗಿ ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗೋ ಕಡೆ ಸಣ್ಣ ಸಂದು ಇಲ್ಲಾ ಬಣ್ಣದ ಮೇಲೆ ಬಣ್ಣ ಕಾಣುತ್ತೆ. ಹಾಗಾಗಿ "ಮಾವಿನಕಾಯಿ ಬುಟ್ಟಾಗಳ ಸಾಲಲ್ಲಿ ಒಂದು ಬುಟ್ಟಾ ಪಕ್ಕದ್ದರ ಮೇಲೆ ಕೂದಲೆಳೆಯಷ್ಟು ಹತ್ತಿ ಕೂತಿತ್ತು" ಅಂತ ಬರೀರಿ, ಕೈ ಅಚ್ಚು ಅಂತ ಬೇರೆ ಹೇಳೋದೇ ಬೇಡ.

ಈ ಮೂರು ಕಡೆ ತಿದ್ದಿ ಕಳಿಸಿ. ಸೀರೆ ಪ್ರಿಂಟ್‌ದೇ ಅಂತ ಇಟ್ಕೊಂಡ್ರೆ ಗೆರೆ ಚೂಪಾಗೇ ಇರಲಿ, ಆದ್ರೆ ಗಾಳಿಗೆ ಸೆರಗು ಮಗುಚೋ ಸಾಲು ಈಗಾಗ್ಲೇ ಇದ್ಯಲ್ಲ, ಅಲ್ಲೇ ಹಿಂಬದಿಯ ಮಂಕು ಬಣ್ಣ ಕಾಣಿಸ್ಲಿ.