ಕ್ಯಾಂಪೇನ್ ಸೋತ ಮೇಲಿನ ರಿಪೋರ್ಟ್: ಯಾವ ಕೊರತೆ ಯಾರ ಲೆಕ್ಕಕ್ಕೆ?

ಪ್ರಶ್ನೆ: ದೀಪಾವಳಿ ಆನ್‌ಲೈನ್ ಜಾಹೀರಾತು ಟಾರ್ಗೆಟ್ ಮುಟ್ಟಲಿಲ್ಲ. ಪ್ಲಾನ್‌ನ ತಪ್ಪೋ, ಕೆಲಸದ ತಪ್ಪೋ, ಬರೀ ದುರದೃಷ್ಟವೋ, ಹೇಗೆ ಬೇರ್ಪಡಿಸೋದು?

ಉತ್ತರ: ಮೊದಲು ಕೊರತೆಯನ್ನು ಆರ್ಡರ್‌ಗಳ ಲೆಕ್ಕದಲ್ಲಿ ಒಡೆಯಿರಿ. ಕಾರಣ ಹುಡುಕುವುದು ಆಮೇಲೆ.

ಉದಾಹರಣೆಗೆ, ಪ್ಲಾನ್ ಹೀಗಿತ್ತು ಅಂದುಕೊಳ್ಳಿ: 2 ಲಕ್ಷ ಖರ್ಚು, ಕ್ಲಿಕ್‌ಗೆ 10 ರೂಪಾಯಿ, ನೂರು ಕ್ಲಿಕ್‌ಗೆ ಎರಡೂವರೆ ಆರ್ಡರ್. ಒಟ್ಟು 500. ಆಗಿದ್ದು: 1.8 ಲಕ್ಷ ಖರ್ಚು, ಕ್ಲಿಕ್‌ಗೆ 12 ರೂಪಾಯಿ, ನೂರಕ್ಕೆ ಎರಡೇ ಆರ್ಡರ್. ಒಟ್ಟು 300.

ಖರ್ಚಾಗದ 20,000 ರೂಪಾಯಿಯಿಂದ 50 ಆರ್ಡರ್ ಹೋಯಿತು. ಕ್ಲಿಕ್ ದುಬಾರಿಯಾಗಿ 3,000 ಕ್ಲಿಕ್ ಕಮ್ಮಿ ಬಂದವು, ಅದರಿಂದ 75. ಬಂದವರು ಕೊಳ್ಳದೆ ಹೋಗಿದ್ದರಿಂದ ಇನ್ನೊಂದು 75.

ಈಗ ಪ್ರತಿ ತುಂಡಿಗೂ ಒಂದೇ ಪ್ರಶ್ನೆ: ಪ್ಲಾನ್ ಮಾಡಿದ ದಿನ ಇದು ಗೊತ್ತಾಗಬಹುದಿತ್ತಾ? ಹಬ್ಬದ ಹೊತ್ತಿಗೆ ಎಲ್ಲರೂ ಜಾಹೀರಾತಿಗೆ ಬಿಡ್ ಮಾಡುತ್ತಾರೆ, ರೇಟ್ ಏರುತ್ತದೆ. ಹೋದ ವರ್ಷದ ಅಕೌಂಟ್‌ನಲ್ಲೇ ಅದು ಕಾಣುತ್ತಿದ್ದರೆ, ಜುಲೈ ರೇಟ್ ಹಾಕಿದ್ದು ಪ್ಲಾನ್ ತಪ್ಪು. ಅಪ್ರೂವಲ್ ತಡವಾಗಿ ದುಡ್ಡು ಉಳಿದಿದ್ದರೆ ಅದು ಕೆಲಸದ ತಪ್ಪು.

ಕೊನೆಯ 75ಕ್ಕೆ ಸರಾಸರಿ ಸಾಲದು, ದಿನದಿನದ ಅಂಕಿ ನೋಡಿ. ಎರಡೇ ದಿನ, ಅದೂ ಮೊಬೈಲ್‌ನಲ್ಲಿ ಮಾತ್ರ, ಕಾರ್ಟ್ ತುಂಬಿ ಪೇಮೆಂಟ್‌ನಲ್ಲಿ ನಿಂತಿದೆಯಾ? ಹಾಗಾದರೆ ಪೇಜ್ ಕೆಟ್ಟಿತ್ತು, ಯಾರೂ ಗಮನಿಸಲಿಲ್ಲ. ಎಲ್ಲ ದಿನವೂ ಒಂದೇ ಸಮ ಕಮ್ಮಿ ಇದ್ದರೆ ಆಫರ್ ಅಥವಾ ಅಂದಾಜನ್ನೇ ಅನುಮಾನಿಸಿ.

ದುರದೃಷ್ಟ ಅಂತ ಬರೆಯಲು ಸಾಕ್ಷಿ ಬೇಕು: ಜಾಹೀರಾತು ಹಾಕದ ಊರುಗಳಲ್ಲೂ ಅದೇ ವಾರ ಮಾರಾಟ ಬಿದ್ದಿರಬೇಕು. ಇನ್ನು 300 ಆರ್ಡರ್‌ನಲ್ಲಿ ಹದಿನೈದಿಪ್ಪತ್ತು ಸುಮ್ನೆ ಹಿಂದೆಮುಂದೆ ಆಗುತ್ತವೆ, ಅಷ್ಟಕ್ಕೆ ಯಾರನ್ನೂ ದೂರಬೇಡಿ.