ಮಧ್ಯಮ ಹಂತದ ಅರೇಬಿಕ್ ಪ್ರಬಂಧಕ್ಕೆ ಅಂಕ ಕೊಡುವ ಬಗೆ

ಪ್ರಶ್ನೆ: ಭಟ್ಕಳದಲ್ಲಿ ಸಂಜೆ ತರಗತಿಯ ಮಕ್ಕಳಿಂದ ಅರೇಬಿಕ್ ಪ್ರಬಂಧ ಬರೆಸುತ್ತೇನೆ. ವ್ಯಾಕರಣ, ಪದಸಂಪತ್ತು, ವಾಕ್ಯಗಳ ಓಟ – ಮೂರಕ್ಕೂ ಅಂಕ ಹೇಗೆ ಹಂಚಲಿ, ಸರ್?

20 ಅಂಕಗಳಲ್ಲಿ ವ್ಯಾಕರಣಕ್ಕೆ 8, ಓಟಕ್ಕೆ 7, ಪದಸಂಪತ್ತಿಗೆ 5 ಇಡಿ. ಈ ಹಂತದಲ್ಲಿ ಹೆಚ್ಚಿನ ಮಕ್ಕಳು ಬಿಡಿ ವಾಕ್ಯವನ್ನು ಸರಿಯಾಗಿಯೇ ಬರೆಯುತ್ತಾರೆ, ಎರಡನ್ನು ಬೆಸೆಯುವಲ್ಲಿ ಎಡವುತ್ತಾರೆ. ಹಾಗಾಗಿ ಓಟಕ್ಕೆ ಇಷ್ಟು ತೂಕ ಬೇಕೇ ಬೇಕು.

ವ್ಯಾಕರಣದಲ್ಲಿ ಕಾಗದದ ಮೇಲೆ ಕಾಣುವ ತಪ್ಪಿಗೆ ಮಾತ್ರ ಅಂಕ ಕಳೆಯಿರಿ. ಪ್ರಬಂಧವನ್ನು ಹರಕತ್ ಇಲ್ಲದೆ ಬರೆಯುವುದರಿಂದ ಹೆಚ್ಚಿನ ವಿಭಕ್ತಿಗಳು ಬರಹದಲ್ಲಿ ಕಾಣುವುದೇ ಇಲ್ಲ. ಕಾಣುವವು ಕೆಲವೇ: 'ಇಶ್ತರಯ್ತು ಕಿತಾಬನ್' ಎಂಬಲ್ಲಿ ಕೊನೆಯ ಅಲಿಫ್ ಬಿಟ್ಟರೆ ತಪ್ಪು, 'ಮುಅಲ್ಲಿಮೀನ್' ಬರಬೇಕಾದಲ್ಲಿ 'ಮುಅಲ್ಲಿಮೂನ್' ಬರೆದರೆ ತಪ್ಪು. 'ಸಮಕತನ್' ಎಂಬಲ್ಲಿ ಅಲಿಫ್ ಬರುವುದಿಲ್ಲ, ಅಲ್ಲಿ ಹುಡುಕಬೇಡಿ.

ನಮ್ಮ ಮಕ್ಕಳಲ್ಲಿ ಪದೇಪದೇ ಸಿಗುವ ತಪ್ಪು ಇನ್ನೊಂದಿದೆ. ದೋಣಿಗಳು ಮರಳಿದವು ಎಂದು ಬರೆಯಲು 'ಅಲ್-ಕವಾರಿಬ್ ರಜಊ' ಎನ್ನುತ್ತಾರೆ. ಕನ್ನಡದಲ್ಲಿ ವಸ್ತುಗಳಿಗೂ ಬಹುವಚನದ ಕ್ರಿಯಾಪದ ಬರುತ್ತದಲ್ಲ, ಅದೇ ರೂಢಿ ಇಲ್ಲಿಗೂ ಬರುತ್ತದೆ. ಅರೇಬಿಕ್‌ನಲ್ಲಿ ಮನುಷ್ಯೇತರ ಬಹುವಚನಕ್ಕೆ ಸ್ತ್ರೀಲಿಂಗ ಏಕವಚನದ ರೂಪ, 'ರಜಅತ್', ಬರಬೇಕು. ಇದು ಒಂದೇ ಪ್ರಬಂಧದಲ್ಲಿ ನಾಲ್ಕು ಕಡೆ ಬಂದರೆ ನಾಲ್ಕಕ್ಕೂ ಗೆರೆ ಎಳೆಯಿರಿ, ಅಂಕ ಮಾತ್ರ ಒಂದೇ ಸಲ ಕಳೆಯಿರಿ. ಗೊತ್ತಿಲ್ಲದ ನಿಯಮ ಒಂದೇ ತಾನೆ.

ಓಟಕ್ಕೆ ಒಂದು ಮಾದರಿ ನೋಡಿ: 'ಝಹಬ್ತು ಇಲಸ್ಸೂಕ್. ಇಶ್ತರಯ್ತು ಸಮಕತನ್. ರಜಅ್ತು ಇಲಲ್ ಬೈತ್.' ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ, ಆದರೂ ಓಟಕ್ಕೆ 7ರಲ್ಲಿ 2ಕ್ಕಿಂತ ಹೆಚ್ಚು ಸಲ್ಲದು. ಪ್ರತಿ ವಾಕ್ಯಕ್ಕೂ 'ವ' ಹಚ್ಚಿದರೆ 4. ಪೇಟೆಗೆ ಹೋದೊಡನೆ ಕೊಂಡದ್ದಕ್ಕೆ 'ಫಶ್ತರಯ್ತು', ತುಸು ಹೊತ್ತಿನ ಮೇಲೆ ಮರಳಿದ್ದಕ್ಕೆ 'ಸುಮ್ಮ ರಜಅ್ತು' ಎಂದು ಆರಿಸಿ ಬರೆದರೆ 6. ಜೊತೆಗೆ 'ಲಿಅನ್ನ' ಬಳಸಿ ಕಾರಣವನ್ನೂ ಹೇಳಿದ್ದರೆ ಪೂರ್ತಿ 7.

ವಾಕ್ಯ 'ವ'ದಿಂದ ಶುರುವಾಯಿತೆಂದು ಅಂಕ ಕಳೆಯುವವರಿದ್ದಾರೆ. ಅದು ಇಂಗ್ಲಿಷ್ ತರಗತಿಯ ನಿಯಮ. ಅರೇಬಿಕ್ ಗದ್ಯದಲ್ಲಿ ಹಾಗೆ ಶುರುಮಾಡುವುದೇ ಸಹಜ. 'ಲಾಕಿನ್ನ' ಆದ ಮೇಲೆ ನಾಮಪದವೋ ಸರ್ವನಾಮವೋ ಬರಬೇಕು ಎಂಬುದು ನಿಜ. ಆದರೆ ಶದ್ದಾ ಹಾಕದೆ ಬರೆದಾಗ ಅದನ್ನು 'ಲಾಕಿನ್' ಎಂದೂ ಓದಬಹುದು, ಅದರ ಮುಂದೆ ಕ್ರಿಯಾಪದ ಬರಬಹುದು. ಅಲ್ಲಿ ಸಂಶಯದ ಲಾಭ ಮಗುವಿಗೇ ಸಿಗಲಿ.

ಪದಸಂಪತ್ತಿಗೆ ಕಷ್ಟದ ಪದ ಎಣಿಸುವುದಕ್ಕಿಂತ ಕ್ರಿಯಾಪದಗಳನ್ನು ನೋಡಿ. 'ಕಾನ', 'ಝಹಬ'ಗಳಲ್ಲೇ ಇಡೀ ಪ್ರಬಂಧ ಮುಗಿದಿದ್ದರೆ 2 ಸಾಕು. ಎಲ್ಲರ ಹಾಳೆಯಲ್ಲೂ ಒಂದೇ ಥರ ಇರುವ ಬಾಯಿಪಾಠದ ಪೀಠಿಕೆಯನ್ನು ಬಿಟ್ಟು, ಎರಡನೇ ಪ್ಯಾರಾದಿಂದ ಲೆಕ್ಕ ಹಿಡಿಯಿರಿ.